ಟಿವಿ ಹಿಂದೆ ಎರಡೇ ಎಚ್‌ಡಿಎಂಐ, ಜೋಡಿಸೋಕೆ ಮೂರು ಸಾಮಾನು: ಸ್ವಿಚ್ ತರೋ ಮೊದಲು ಇದನ್ನ ನೋಡಿ

ಕೆರೆಕಟ್ಟೆ: ಮನೆಗೆ ಹೊಸದಾಗಿ ಸೌಂಡ್‌ಬಾರ್ ಬಂತು. ಟಿವಿ ಹಿಂದೆ ನೋಡಿದರೆ ಇರೋದು ಎರಡೇ ಎಚ್‌ಡಿಎಂಐ ಪೋರ್ಟ್. ಒಂದರಲ್ಲಿ ಡಿಶ್ ಬಾಕ್ಸ್, ಇನ್ನೊಂದರಲ್ಲಿ ಬೆಂಗಳೂರಿನಿಂದ ಮಗ ತಂದಿಟ್ಟ ಪ್ಲೇಸ್ಟೇಷನ್. ಸೌಂಡ್‌ಬಾರಿಗೆ ಜಾಗವೇ ಇಲ್ಲ. ಕೆರೆಕಟ್ಟೆ, ಶೃಂಗೇರಿ, ಕೊಪ್ಪ ಕಡೆಯ ಮನೆಗಳಲ್ಲಿ ಇಂಥ ಹೊತ್ತಲ್ಲಿ ಸಾಮಾನ್ಯವಾಗಿ ಆಗೋದು ಎರಡರಲ್ಲಿ ಒಂದು. ಸಂಜೆ ವಾರ್ತೆಗೆ ಒಂದು ವೈರ್ ಕಿತ್ತು ಇನ್ನೊಂದು ಹಾಕೋದು, ರಾತ್ರಿ ಗೇಮಿಗೆ ಮತ್ತೆ ಅದನ್ನೇ ಉಲ್ಟಾ ಮಾಡೋದು. ಇಲ್ಲಾಂದ್ರೆ ಪೇಟೆಯಿಂದ ಒಂದು ಎಚ್‌ಡಿಎಂಐ ಸ್ವಿಚ್ ತಂದು, ಮೂರನ್ನೂ ಅದಕ್ಕೇ ಸಿಕ್ಕಿಸಿ, ಸೌಂಡ್ ಬರಲಿಲ್ಲ ಅಂತ ಅಂಗಡಿಗೆ ವಾಪಸ್ ಹೋಗೋದು.

ಎರಡೂ ನಷ್ಟದ ದಾರಿ. ದಿನಾ ಕಿತ್ತು ಹಾಕಿದರೆ ಪೋರ್ಟ್ ಸಡಿಲ ಆಗುತ್ತೆ. ಆ ಪೋರ್ಟ್ ಟಿವಿಯ ಮೇನ್ ಬೋರ್ಡಿಗೇ ಬೆಸುಗೆ ಆಗಿರೋದರಿಂದ, ಅದು ಹೋದರೆ ರಿಪೇರಿ ಬೋರ್ಡಿನ ತನಕ ಹೋಗುತ್ತೆ. ಇನ್ನು ಸೌಂಡ್‌ಬಾರನ್ನು ಸ್ವಿಚ್ಚಿಗೆ ಹಾಕಿದರೆ, ಸ್ವಿಚ್ ಎಷ್ಟೇ ಒಳ್ಳೇದಿದ್ದರೂ ಕೆಲಸ ಆಗಲ್ಲ. ಯಾಕೆ ಅಂತ ಗೊತ್ತಾದರೆ ಉಳಿದಿದ್ದೆಲ್ಲ ಸಲೀಸು.

ಯಾವುದು ಟಿವಿಗೆ ಕೊಡುತ್ತೆ, ಯಾವುದು ಟಿವಿಯಿಂದ ತಗೊಳ್ಳುತ್ತೆ

ಡಿಶ್ ಬಾಕ್ಸ್ ಮತ್ತು ಗೇಮ್ ಕನ್ಸೋಲ್ ಎರಡೂ ಟಿವಿಗೆ ಚಿತ್ರ, ಸೌಂಡ್ ಕೊಡುವ ಸಾಮಾನು. ಸೌಂಡ್‌ಬಾರ್ ಹಾಗಲ್ಲ. ಅದು ಟಿವಿಯಿಂದ ಸೌಂಡ್ ತಗೊಳ್ಳುವ ಸಾಮಾನು. ಅಂದರೆ ಮೊದಲ ಎರಡರ ವೈರಿನಲ್ಲಿ ಸಿಗ್ನಲ್ ಟಿವಿ ಕಡೆಗೆ ಬರುತ್ತೆ, ಮೂರನೆಯದರಲ್ಲಿ ಟಿವಿಯಿಂದ ಹೊರಗೆ ಹೋಗುತ್ತೆ. ತೋಟಕ್ಕೆ ನೀರು ಬರುವ ಪೈಪು, ತೋಟದಿಂದ ನೀರು ಹೊರಗೆ ಹೋಗುವ ಬಸಿಗಾಲುವೆ ಎರಡನ್ನೂ ಒಂದೇ ಗೇಟ್‌ವಾಲ್ವಿಗೆ ಜೋಡಿಸಕ್ಕೆ ಆಗಲ್ಲವಲ್ಲ, ಇದೂ ಹಾಗೇ.

ಹೀಗೆ ಟಿವಿಯಿಂದ ಸೌಂಡ್ ಹೊರಗೆ ಕೊಡುವ ಎಚ್‌ಡಿಎಂಐ ಪೋರ್ಟ್ ಸಾಮಾನ್ಯವಾಗಿ ಒಂದೇ ಇರುತ್ತೆ. ಅದರ ಪಕ್ಕ `ARC` ಅಥವಾ `eARC` ಅಂತ ಬರೆದಿರುತ್ತೆ. 2009ರಲ್ಲಿ ಬಂದ ಎಚ್‌ಡಿಎಂಐ 1.4ರಿಂದ ಈ ಸೌಲಭ್ಯ ಶುರುವಾಯಿತು. ಬರೆದಿಲ್ಲದ ಪೋರ್ಟಿಗೆ ಸೌಂಡ್‌ಬಾರ್ ಹಾಕಿದರೆ ಲೈಟ್ ಹತ್ತುತ್ತೆ, ಸೌಂಡ್ ಬರಲ್ಲ. ಬಹಳ ಮನೆಗಳಲ್ಲಿ ಈ `ARC` ಪೋರ್ಟಿನಲ್ಲಿ ಡಿಶ್ ಬಾಕ್ಸ್ ಕೂತಿರುತ್ತೆ, ಯಾಕಂದ್ರೆ ಟಿವಿ ಬಂದ ದಿನ ಕೈಗೆ ಸಿಕ್ಕ ಪೋರ್ಟಿಗೆ ಸಿಕ್ಕಿಸಿರುತ್ತಾರೆ.

ಆದ್ದರಿಂದ ಮೂಲ ಲೆಕ್ಕ ಇಷ್ಟೇ: `ARC` ಪೋರ್ಟ್ ಸೌಂಡ್‌ಬಾರಿಗೆ. ಉಳಿದ ಒಂದು ಪೋರ್ಟನ್ನು ಬಾಕ್ಸ್ ಮತ್ತು ಕನ್ಸೋಲ್ ಹಂಚಿಕೊಳ್ಳಬೇಕು. ಹಂಚೋಕೆ ಬೇಕಾಗಿರೋದು ಸ್ವಿಚ್.

ಸ್ವಿಚ್ಚೇ ಬೇಡದ ಮೂರು ದಾರಿ

ಆದರೆ ದುಡ್ಡು ಕೊಡುವ ಮೊದಲು ಟಿವಿ ಹಿಂದೆ ಮತ್ತು ಸೌಂಡ್‌ಬಾರ್ ಹಿಂದೆ ಟಾರ್ಚ್ ಬಿಟ್ಟು ಒಂದ್ಸಲ ನೋಡಿ. ಅರ್ಧಕ್ಕರ್ಧ ಕೇಸು ಅಲ್ಲೇ ಮುಗಿಯಬಹುದು.

ಮೊದಲನೆಯದು ಆಪ್ಟಿಕಲ್. ಟಿವಿಯಲ್ಲಿ `OPTICAL` ಅಥವಾ `DIGITAL AUDIO OUT` ಅಂತ ಬರೆದ ಸಣ್ಣ ಚೌಕದ ಬಾಯಿ ಇದ್ದು, ಸೌಂಡ್‌ಬಾರಿನಲ್ಲೂ ಅದೇ ಇದ್ದರೆ, ಆ ವೈರಿನಲ್ಲೇ ಸೌಂಡ್ ಕೊಡಬಹುದು. ಆಗ ಎರಡೂ ಎಚ್‌ಡಿಎಂಐ ಬಾಕ್ಸ್ ಮತ್ತು ಕನ್ಸೋಲಿಗೆ ಉಳಿಯುತ್ತೆ. ಈ ವೈರಿನಲ್ಲಿ ಕರೆಂಟ್ ಅಲ್ಲ, ಬೆಳಕು ಹೋಗೋದು. ಟಿವಿ ಆನ್ ಮಾಡಿದಾಗ ವೈರಿನ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ಟಿವಿ ಕಡೆ ಸರಿ ಇದೆ ಅಂತ ಅರ್ಥ. ಹೊಸ ವೈರಿನ ಎರಡೂ ತುದಿಗೆ ಸಣ್ಣ ಪ್ಲಾಸ್ಟಿಕ್ ಟೋಪಿ ಇರುತ್ತೆ, ಅದನ್ನು ತೆಗೆಯದೆ ಸಿಕ್ಕಿಸಲು ಹೋಗಿ ಒತ್ತಿ ಮುರಿಯೋದು ಬೇಡ. ಈ ದಾರಿಯ ಕೊರತೆ ಒಂದೇ, ಟಿವಿ ರಿಮೋಟಿನಿಂದ ಸೌಂಡ್‌ಬಾರಿನ ವಾಲ್ಯೂಮ್ ಸಾಮಾನ್ಯವಾಗಿ ಕೇಳಲ್ಲ. ಅದಕ್ಕೆ ಬಾರಿನ ರಿಮೋಟೇ ಕೈಯಲ್ಲಿ ಇಟ್ಟುಕೊಳ್ಳಬೇಕು.

ಎರಡನೆಯದು ಸೌಂಡ್‌ಬಾರಿನ ಹಿಂದಿನ `HDMI IN`. ಕೆಲವು ಬಾರುಗಳಲ್ಲಿ ಟಿವಿಗೆ ಹೋಗುವ ಪೋರ್ಟಿನ ಜೊತೆಗೆ ಒಳಗೆ ತಗೊಳ್ಳುವ ಪೋರ್ಟೂ ಒಂದು ಇರುತ್ತೆ. ಇದ್ದರೆ ಡಿಶ್ ಬಾಕ್ಸನ್ನು ಬಾರಿಗೆ ಹಾಕಿ, ಬಾರಿನಿಂದ ಟಿವಿಯ `ARC` ಪೋರ್ಟಿಗೆ ಒಂದು ವೈರ್ ಎಳೆದರೆ ಆಯಿತು. ಕನ್ಸೋಲಿಗೆ ಇನ್ನೊಂದು ಪೋರ್ಟ್ ಪೂರ್ತಿ ಸಿಗುತ್ತೆ. ಅಗ್ಗದ ಬಾರುಗಳಲ್ಲಿ ಮಾತ್ರ `ARC` ಪೋರ್ಟ್ ಒಂದೇ ಇರೋದು ಜಾಸ್ತಿ. ಅದನ್ನೇ ಒಳಗೆ ತಗೊಳ್ಳುವ ಪೋರ್ಟ್ ಅಂದುಕೊಂಡು ಬಾಕ್ಸ್ ಸಿಕ್ಕಿಸಬೇಡಿ.

ಮೂರನೆಯದು ಹಳೇ ಎವಿ ವೈರು, ಅಂದರೆ ಹಳದಿ, ಕೆಂಪು, ಬಿಳಿ ಮೂರು ಪಿನ್ನಿಂದು. ಮನೆಯಲ್ಲಿ ಎಚ್‌ಡಿ ಚಾನೆಲ್ ಪ್ಯಾಕೇ ಹಾಕಿಸಿಲ್ಲ ಅಂದರೆ ಡಿಶ್ ಬಾಕ್ಸಿಗೆ ಎಚ್‌ಡಿಎಂಐ ಕೊಟ್ಟರೂ ಎವಿ ಕೊಟ್ಟರೂ ವಯಸ್ಸಾದವರ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣಲ್ಲ. ಎಚ್‌ಡಿ ಪ್ಯಾಕ್ ಇದ್ದರೆ ಮಾತ್ರ ಈ ದಾರಿ ಬೇಡ, ಚಿತ್ರ ಮಸುಕಾಗುತ್ತೆ.

ಅಂಗಡಿಯಲ್ಲಿ ಏನಂತ ಕೇಳಬೇಕು

ಈ ಮೂರೂ ಇಲ್ಲ ಅಂದರೆ ಸ್ವಿಚ್ ತರಬೇಕು. ಇಲ್ಲೇ ಗಿರಾಕಿಗೂ ಅಂಗಡಿಯವರಿಗೂ ಹೆಚ್ಚು ಗೊಂದಲ ಆಗೋದು. ಸ್ವಿಚ್ ಮತ್ತು ಸ್ಪ್ಲಿಟರ್ ನೋಡೋಕೆ ಒಂದೇ ತರ, ಕೆಲಸ ಪೂರ್ತಿ ಉಲ್ಟಾ. ಸ್ವಿಚ್ ಅಂದರೆ ಎರಡು ಸಾಮಾನು, ಒಂದು ಟಿವಿ. ಸ್ಪ್ಲಿಟರ್ ಅಂದರೆ ಒಂದು ಸಾಮಾನು, ಎರಡು ಟಿವಿ. ಹೋಟೆಲಿನಲ್ಲಿ ಒಂದೇ ಡಿಶ್ ಬಾಕ್ಸಿನಿಂದ ಒಳಗೂ ಹೊರಗೂ ಎರಡು ಟಿವಿಗೆ ಮ್ಯಾಚ್ ತೋರಿಸಬೇಕು ಅಂದರೆ ಸ್ಪ್ಲಿಟರ್. ಮನೆಯ ಈ ಕೆಲಸಕ್ಕೆ ಸ್ವಿಚ್. ಡಬ್ಬದ ಮೇಲೆ `2 IN 1 OUT` ಅಂತ ಇದ್ದರೆ ಅದೇ ಬೇಕಾದ್ದು. `1 IN 2 OUT` ಅಂತ ಮಾತ್ರ ಇದ್ದರೆ ವಾಪಸ್ ಕೊಡಿ. ಎರಡೂ ಬರೆದಿರುವ, ಮಧ್ಯ ಒಂದು ಬಟನ್ ಇರುವ ಸಣ್ಣ ಡಬ್ಬವೂ ಸಿಗುತ್ತೆ. ಅದನ್ನು ಎರಡು ದಿಕ್ಕಿಗೂ ಬಳಸಬಹುದು, ಒಂದೇ ಹೊತ್ತಿಗೆ ಎರಡು ಟಿವಿಗೆ ಮಾತ್ರ ಕೊಡಲ್ಲ.

ಇನ್ನು ಬಟನ್ ಒತ್ತುವ ಸ್ವಿಚ್ಚೋ, ತಾನೇ ಬದಲಾಗುವ ಆಟೋ ಸ್ವಿಚ್ಚೋ? ಕರೆಂಟ್ ಹೋಗಿ ಬರುವ ಊರಿಗೆ ಬಟನ್ ಸ್ವಿಚ್ಚೇ ವಾಸಿ. ಆಟೋ ಸ್ವಿಚ್ ಹೊಸದಾಗಿ ಆನ್ ಆದ ಸಾಮಾನಿನ ಕಡೆಗೆ ತಿರುಗುತ್ತೆ. ವೈರಿನಲ್ಲಿ ಬರುವ 5 ವೋಲ್ಟ್ ನೋಡಿಯೇ ಅದು ಸಾಮಾನು ಆನ್ ಇದೆಯೋ ಇಲ್ಲವೋ ಅಂತ ತಿಳ್ಕೊಳ್ಳೋದು. ಬಹಳ ಡಿಶ್ ಬಾಕ್ಸ್‌ಗಳು ರಿಮೋಟಿನಲ್ಲಿ ಆಫ್ ಮಾಡಿದ ಮೇಲೂ ಆ 5 ವೋಲ್ಟ್ ಕೊಡುತ್ತಲೇ ಇರುತ್ತವೆ. ಹಾಗಾಗಿ ಸ್ವಿಚ್ ಅದನ್ನು ಬಿಟ್ಟು ಈಚೆ ಬರಲ್ಲ. ಕರೆಂಟ್ ಬಂದ ಕೂಡಲೇ ಎಲ್ಲ ಒಟ್ಟಿಗೆ ಎದ್ದಾಗ ಯಾವ ಕಡೆ ತಿರುಗುತ್ತೆ ಅನ್ನೋದೂ ಹೇಳಕ್ಕಾಗಲ್ಲ. ಸೋಫಾದಿಂದ ಏಳೋಕೆ ಆಗದವರು ಇದ್ದರೆ ರಿಮೋಟ್ ಇರುವ ಸ್ವಿಚ್ ತಗೊಳ್ಳಿ.

ವೇಗದ ವಿಷಯ ಕನ್ಸೋಲ್ ನೋಡಿ ತೀರ್ಮಾನ ಮಾಡಬೇಕು. ಮಾಮೂಲಿ ಪಿಎಸ್4 ಕೊಡೋದು 1080ಪಿ, ಡಿಶ್ ಬಾಕ್ಸೂ ಅಷ್ಟೇ. ಇದಕ್ಕೆ ಕೆಲವು ನೂರು ರೂಪಾಯಿಯ ಸಾದಾ ಸ್ವಿಚ್ ಸಾಕು. ಪಿಎಸ್4 ಪ್ರೋ ಅಥವಾ ಪಿಎಸ್5 ಇದ್ದು, ಟಿವಿ 4ಕೆ ಆಗಿದ್ದರೆ ಡಬ್ಬದ ಮೇಲೆ `4K 60Hz` ಅಥವಾ `18Gbps` ಇರಲೇಬೇಕು. ಬರೇ `4K` ಅಂತ ಇದ್ದರೆ ಅದು 30 ಹರ್ಟ್ಜ್‌ನ ಹಳೇ ಮಾಲಾಗಿರಬಹುದು.

ಒಂದು ಮನೆಯ ಲೆಕ್ಕ: ಹೇಗೆ ಜೋಡಿಸೋದು

ಒಂದು ಮನೆ ತಗೊಳ್ಳಿ. 43 ಇಂಚಿನ ಟಿವಿ, ಎರಡು ಎಚ್‌ಡಿಎಂಐ, ಅದರಲ್ಲಿ ಒಂದಕ್ಕೆ `ARC`. ಎಚ್‌ಡಿ ಡಿಶ್ ಬಾಕ್ಸ್, ಪಿಎಸ್4, ಒಂದೇ ಎಚ್‌ಡಿಎಂಐ ಇರುವ ಸೌಂಡ್‌ಬಾರ್. ಟಿವಿಯಲ್ಲಿ ಆಪ್ಟಿಕಲ್ ಇಲ್ಲ. ಬಟನ್ ಇರುವ ಸ್ವಿಚ್ ತಂದಾಗಿದೆ.

ಮೊದಲು ಎಲ್ಲದರ ಪ್ಲಗ್ ತೆಗೆಯಿರಿ. ಸೌಂಡ್‌ಬಾರಿನಿಂದ ಟಿವಿಯ `ARC` ಪೋರ್ಟಿಗೆ ಒಂದು ವೈರ್. ಡಿಶ್ ಬಾಕ್ಸ್ ಸ್ವಿಚ್ಚಿನ 1ಕ್ಕೆ, ಪಿಎಸ್4 ಸ್ವಿಚ್ಚಿನ 2ಕ್ಕೆ. ಸ್ವಿಚ್ಚಿನ `OUT`ನಿಂದ ಟಿವಿಯ ಉಳಿದ ಪೋರ್ಟಿಗೆ ಒಂದು ವೈರ್. ಅಂದರೆ ಒಟ್ಟು ನಾಲ್ಕು ವೈರ್ ಬೇಕು. ಬಾಕ್ಸಿಗೆ, ಕನ್ಸೋಲಿಗೆ, ಬಾರಿಗೆ ಅಂತ ಮೂರು ಇದ್ದರೂ ನಾಲ್ಕನೆಯದನ್ನು ಸ್ವಿಚ್ ಜೊತೆಗೇ ತನ್ನಿ. ಇಲ್ಲದಿದ್ದರೆ ಪೇಟೆಗೆ ಇನ್ನೊಂದು ಸಲ ಹೋಗಬೇಕಾಗುತ್ತೆ. ವೈರ್‌ಗಳು ಒಂದೂವರೆ ಮೀಟರ್ ಒಳಗೆ ಇರಲಿ. ಬಾಕ್ಸಿಂದ ಸ್ವಿಚ್ಚಿಗೆ, ಸ್ವಿಚ್ಚಿಂದ ಟಿವಿಗೆ ಅಂತ ಎರಡು ವೈರಿನ ಉದ್ದ ಸೇರುತ್ತೆ. ಉದ್ದ ಜಾಸ್ತಿ ಆದಷ್ಟೂ ಚಿತ್ರ ಮಿನುಗೋದು, ಕಪ್ಪಾಗೋದು ಶುರುವಾಗುತ್ತೆ.

ಸಾದಾ ಸ್ವಿಚ್ಚಿಗೆ ಬೇರೆ ಕರೆಂಟ್ ಬೇಡ, ಬಾಕ್ಸ್ ಕೊಡುವ 5 ವೋಲ್ಟಿನಲ್ಲೇ ಅದು ನಡೆಯುತ್ತೆ. ಆದರೆ ಪಕ್ಕದಲ್ಲಿ ಯುಎಸ್‌ಬಿ ಬಾಯಿ ಇದ್ದರೆ ಒಂದು ವೈರ್ ತಂದು ಟಿವಿಯ ಯುಎಸ್‌ಬಿಗೆ ಹಾಕಿ. ಚಿತ್ರ ಆಗಾಗ ಹೋಗಿ ಬರುವ ತೊಂದರೆ ಕೆಲವು ಸಲ ಇಷ್ಟರಲ್ಲೇ ನಿಲ್ಲುತ್ತೆ.

ಈಗ ಆನ್ ಮಾಡುವಾಗ ಮೊದಲು ಟಿವಿ, ಆಮೇಲೆ ಬಾರ್, ಕೊನೆಗೆ ಬಾಕ್ಸ್ ಮತ್ತು ಕನ್ಸೋಲ್.

ಟಿವಿ ಒಳಗಿನ ಸೆಟ್ಟಿಂಗ್

ವೈರ್ ಸರಿ ಇದ್ದೂ ಸೌಂಡ್ ಬಾರಿನಿಂದ ಬರದೆ ಟಿವಿಯಿಂದಲೇ ಬರುತ್ತಿದ್ದರೆ ಎರಡು ಕಡೆ ನೋಡಬೇಕು. ಒಂದು, ಟಿವಿಯ `Sound` ಮೆನುವಿನಲ್ಲಿ ಸೌಂಡ್ ಎಲ್ಲಿಂದ ಬರಬೇಕು ಅಂತ ಆರಿಸುವ ಜಾಗ. ಅಲ್ಲಿ ಟಿವಿ ಸ್ಪೀಕರ್ ಬಿಟ್ಟು `HDMI ARC` ಅಥವಾ ಬಾರಿನ ಹೆಸರು ಆರಿಸಿ. ಸೋನಿ ಟಿವಿಯಲ್ಲಿ ಇದು `Speakers` ಅಡಿಯಲ್ಲಿ `Audio system` ಅಂತ ಇರುತ್ತೆ. ಎರಡು, ಸಿಇಸಿ ಆನ್ ಇರಬೇಕು. ಎಚ್‌ಡಿಎಂಐ ಮೂಲಕ ಸಾಮಾನುಗಳು ಒಂದಕ್ಕೊಂದು ಮಾತಾಡುವ ವ್ಯವಸ್ಥೆಗೆ ಸಿಇಸಿ ಅಂತಾರೆ. ಕಂಪನಿಗೊಂದು ಹೆಸರು: ಸ್ಯಾಮ್‌ಸಂಗ್‌ನಲ್ಲಿ `Anynet+`, ಎಲ್‌ಜಿಯಲ್ಲಿ `SIMPLINK`, ಸೋನಿಯಲ್ಲಿ `BRAVIA Sync`. ಇದು ಆಫ್ ಇದ್ದರೆ ಬಹಳ ಟಿವಿಗಳಲ್ಲಿ ಆರ್ಕ್ ಕೆಲಸ ಮಾಡಲ್ಲ.

ವಾರ್ತೆಗೆ ಸೌಂಡ್ ಬರುತ್ತೆ, ಕೆಲವು ಚಾನೆಲ್ ಅಥವಾ ಗೇಮಿಗೆ ಮಾತ್ರ ಬರಲ್ಲ ಅನ್ನೋದೂ ಉಂಟು. ಟಿವಿ ಕಳಿಸುವ ಡಾಲ್ಬಿ ತರದ ಸೌಂಡ್ ಬಾರಿಗೆ ಅರ್ಥವಾಗುತ್ತಿಲ್ಲ ಅಂತ ಲೆಕ್ಕ. ಟಿವಿಯ `Digital Sound Out` ಅಥವಾ ಅದೇ ಅರ್ಥದ ಜಾಗದಲ್ಲಿ `Auto` ಇದ್ದಿದ್ದನ್ನು `PCM` ಮಾಡಿ. ಸೌಂಡ್ ಎರಡು ಚಾನೆಲ್ಲಿಗೆ ಇಳಿಯುತ್ತೆ, ಆದರೆ ಎಲ್ಲದಕ್ಕೂ ಬರುತ್ತೆ.

ಟಿವಿಯಲ್ಲಿ ಸಿಇಸಿ ಆನ್ ಇಟ್ಟರೂ ಕನ್ಸೋಲಿನಲ್ಲಿ ಆಫ್ ಮಾಡೋದು ಒಳ್ಳೇದು. ಸ್ವಿಚ್ಚಿಗೆ ಸಿಇಸಿ ಭಾಷೆ ಸರಿಯಾಗಿ ಬರಲ್ಲ. ಪಿಎಸ್4 ಆನ್ ಆದ ಕೂಡಲೇ ಟಿವಿಗೆ "ನನ್ನ ಪೋರ್ಟಿಗೆ ಬಾ" ಅನ್ನುತ್ತೆ, ಟಿವಿ ಬರುತ್ತೆ, ಆದರೆ ಸ್ವಿಚ್ ಇನ್ನೂ ಡಿಶ್ ಬಾಕ್ಸಿನಲ್ಲೇ ಇರುತ್ತೆ. ಪಿಎಸ್4ರಲ್ಲಿ `Settings`, `System` ಒಳಗೆ `Enable HDMI Device Link` ಅಂತ ಇರುತ್ತೆ, ಅದರ ಟಿಕ್ ತೆಗೆಯಿರಿ.

ಒಂದು ಪೋರ್ಟ್ ಹಂಚಿಕೊಂಡರೆ ಒಂದು ಬೆಲೆ ಕೊಡಲೇಬೇಕು. ಚಿತ್ರದ ಸೆಟ್ಟಿಂಗನ್ನು ಬಹಳ ಟಿವಿಗಳು ಪೋರ್ಟಿನ ಲೆಕ್ಕದಲ್ಲಿ ನೆನಪಿಡುತ್ತವೆ, ಸಾಮಾನಿನ ಲೆಕ್ಕದಲ್ಲಿ ಅಲ್ಲ. ಟಿವಿಗೆ ಕಾಣೋದು ಒಂದೇ ಪೋರ್ಟ್, ಅದರ ಹಿಂದೆ ಇಬ್ಬರು ಇದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ. ಗೇಮ್ ಆಡುವವರಿಗೆ `Game` ಮೋಡ್ ಬೇಕು, ಇಲ್ಲದಿದ್ದರೆ ಬಟನ್ ಒತ್ತಿದ ಮೇಲೆ ಆಟಗಾರ ಕದಲೋಕೆ ತಡ ಆಗುತ್ತೆ. ಅದೇ ಮೋಡಿನಲ್ಲಿ ಧಾರಾವಾಹಿ ನೋಡಿದರೆ ಬಣ್ಣ ಬೇರೆ ತರ ಕಾಣುತ್ತೆ. ಸ್ವಿಚ್ ಬಟನ್ ಒತ್ತಿದಾಗ ಪಿಕ್ಚರ್ ಮೋಡನ್ನೂ ಬದಲಿಸುವ ಅಭ್ಯಾಸ ಮಾಡ್ಕೊಳ್ಳಬೇಕು. ಇದು ಬೇಡ ಅನ್ನುವವರಿಗೆ ಮೇಲಿನ ಮೂರು ದಾರಿಗಳೇ ಒಳ್ಳೇದು.

4ಕೆ ಕನ್ಸೋಲ್ ಇರುವವರು ಇನ್ನೊಂದು ನೋಡಬೇಕು. ಪೋರ್ಟಿಗೆ ಪೂರ್ತಿ 4ಕೆ ಬರಲಿ ಅಂತ ಟಿವಿಯಲ್ಲಿ ಒಂದು ಸೆಟ್ಟಿಂಗ್ ಇರುತ್ತೆ, ಸ್ಯಾಮ್‌ಸಂಗ್‌ನಲ್ಲಿ `Input Signal Plus`, ಸೋನಿಯಲ್ಲಿ `HDMI signal format`. ಅದನ್ನು ಹೆಚ್ಚಿಸಿದ ಮೇಲೆ ಹಳೇ ಡಿಶ್ ಬಾಕ್ಸಿನ ಚಿತ್ರ ಹೋದರೆ ಬಾಕ್ಸ್ ಕೆಟ್ಟಿಲ್ಲ, ಆ ಸೆಟ್ಟಿಂಗ್ ಅದಕ್ಕೆ ಒಗ್ಗಿಲ್ಲ ಅಷ್ಟೆ. ಹಿಂದಿನ ತರ ಮಾಡಿ ನೋಡಿ.

ಮಳೆಯ ತಪ್ಪೋ, ಸ್ವಿಚ್ಚಿನ ತಪ್ಪೋ

ಆರಿದ್ರಾ, ಪುನರ್ವಸು ಮಳೆ ಹಿಡಿದರೆ ಕೆರೆಕಟ್ಟೆ ಕಡೆ ಡಿಶ್ ಸಿಗ್ನಲ್ ಹೋಗೋದು ಹೊಸತಲ್ಲ. ಸ್ವಿಚ್ ಹಾಕಿದ ಮೇಲೆ ಹೀಗಾದರೆ ಮನೆಯವರು ಮೊದಲು ಬೈಯೋದು ಸ್ವಿಚ್ಚಿಗೆ. ತಪ್ಪು ಯಾರದು ಅಂತ ಪತ್ತೆ ಮಾಡೋಕೆ ಅರ್ಧ ನಿಮಿಷ ಸಾಕು. ಡಿಶ್ ರಿಮೋಟಿನ ಮೆನು ಬಟನ್ ಒತ್ತಿ. ಪರದೆ ಮೇಲೆ ಬಾಕ್ಸಿನ ಮೆನು ಬಂದರೆ ಬಾಕ್ಸಿಂದ ಟಿವಿ ತನಕದ ವೈರ್, ಸ್ವಿಚ್ ಎಲ್ಲ ಸರಿ ಇದೆ. ತೊಂದರೆ ಮೋಡದ್ದು ಅಥವಾ ಮಾಡಿನ ಮೇಲಿನ ಡಿಶ್ಶಿಂದು. ಮಳೆ ಬಿಡೋ ತನಕ ಕಾಯಬೇಕು. ಮೆನುವೂ ಬರದೆ, ಟಿವಿಯದ್ದೇ `No Signal` ಅಕ್ಷರ ತೇಲುತ್ತಿದ್ದರೆ ಮಾತ್ರ ಸ್ವಿಚ್ ಕಡೆ ನೋಡಿ.

ಆಗ ಮೊದಲು ಸ್ವಿಚ್ಚಿನ ಲೈಟ್ ಯಾವ ನಂಬರಿನಲ್ಲಿ ಉರೀತಿದೆ, ಟಿವಿ ಯಾವ ಇನ್‌ಪುಟ್‌ನಲ್ಲಿದೆ ನೋಡಿ. ಎರಡೂ ಸರಿ ಇದ್ದರೆ ಬಟನ್ ಒಂದ್ಸಲ ಆ ಕಡೆ, ಒಂದ್ಸಲ ಈ ಕಡೆ ಒತ್ತಿ ನಾಲ್ಕೈದು ಸೆಕೆಂಡ್ ಕಾಯಿರಿ. ಪ್ರತಿ ಸಲ ಬದಲಾದಾಗಲೂ ಟಿವಿ ತನಗೆ ಏನು ತೋರಿಸೋಕೆ ಆಗುತ್ತೆ ಅಂತ ಬಾಕ್ಸಿಗೆ ತಿಳಿಸಬೇಕು, ಬಾಕ್ಸ್ ಕಾಪಿ ತಡೆಯುವ ಬೀಗ ಸರಿ ಇದೆಯಾ ಅಂತ ಪರೀಕ್ಷೆ ಮಾಡಬೇಕು. ಆ ಹೊತ್ತಿನಲ್ಲಿ ಪರದೆ ಕಪ್ಪಾಗೋದು ಸಹಜ. ಅವಸರದಲ್ಲಿ ಮತ್ತೆ ಮತ್ತೆ ಒತ್ತಿದರೆ ಮಾತು ಮತ್ತೆ ಮೊದಲಿಂದ ಶುರು.

ಆದರೂ ಬರದಿದ್ದರೆ ಎಲ್ಲದರ ಪ್ಲಗ್ ತೆಗೆದು, ಒಂದು ನಿಮಿಷ ಬಿಟ್ಟು, ಟಿವಿ, ಬಾರ್, ಬಾಕ್ಸ್ ಕ್ರಮದಲ್ಲಿ ಆನ್ ಮಾಡಿ. ಕೊನೆಯ ಪರೀಕ್ಷೆ, ಸ್ವಿಚ್ ಬಿಟ್ಟು ಬಾಕ್ಸನ್ನು ನೇರ ಟಿವಿಗೆ ಹಾಕೋದು. ಚಿತ್ರ ಬಂದರೆ ತಪ್ಪು ಸ್ವಿಚ್ಚಿಂದು ಅಥವಾ ಅದರಿಂದ ಟಿವಿಗೆ ಹೋಗುವ ವೈರಿಂದು. ಆ ವೈರ್ ಬದಲಿಸಿ ನೋಡಿದ ಮೇಲೇ ಸ್ವಿಚ್ಚನ್ನು ಅಂಗಡಿಗೆ ಒಯ್ಯಿರಿ. ಅಂಗಡಿಯವರಿಗೂ ಇದೇ ಮಾತು: ವಾಪಸ್ ಬಂದ ಸ್ವಿಚ್ಚನ್ನು ಬದಲಿಸಿ ಕೊಡುವ ಮೊದಲು, ಸೌಂಡ್‌ಬಾರ್ ಯಾವ ಪೋರ್ಟಿಗೆ ಹಾಕಿದ್ದೀರಿ ಅಂತ ಒಂದು ಪ್ರಶ್ನೆ ಕೇಳಿ.

ಗುಡುಗು ಬಂದಾಗ

ಹೀಗೆ ಜೋಡಿಸಿದ ಮೇಲೆ ಡಿಶ್ ವೈರ್ ಬಾಕ್ಸಿಗೆ, ಬಾಕ್ಸ್ ಸ್ವಿಚ್ಚಿಗೆ, ಸ್ವಿಚ್ ಟಿವಿಗೆ ಮತ್ತು ಕನ್ಸೋಲಿಗೆ, ಟಿವಿ ಬಾರಿಗೆ ಅಂತ ಎಲ್ಲ ತಾಮ್ರದ ವೈರಿನಲ್ಲಿ ಒಂದಕ್ಕೊಂದು ಸೇರಿರುತ್ತೆ. ಮೇಲಿನ ಡಿಶ್ಶಿನಿಂದ ಸಿಡಿಲಿನ ಹೊಡೆತ ಇಳಿದರೆ ಒಂದರ ಬದಲು ನಾಲ್ಕು ಸಾಮಾನು ಹೋಗಬಹುದು. ಕರೆಂಟಿನ ಪ್ಲಗ್ ಮಾತ್ರ ಕಿತ್ತರೆ ಈ ದಾರಿ ಮುಚ್ಚಲ್ಲ. ಮೋಡ ಕಟ್ಟುವಾಗಲೇ ಪ್ಲಗ್ ಜೊತೆಗೆ ಬಾಕ್ಸಿನ ಹಿಂದಿನ ಡಿಶ್ ವೈರನ್ನೂ ತಿರುಗಿಸಿ ಬಿಚ್ಚಿಡಿ. ಸಿಡಿಲು ತಲೆ ಮೇಲೆ ಬಂದ ಮೇಲೆ ವೈರ್ ಮುಟ್ಟೋದು ಬೇಡ. ಎಚ್‌ಡಿಎಂಐ ವೈರ್‌ಗಳನ್ನು ಅಲ್ಲೇ ಬಿಡಿ, ಅವನ್ನು ಕಿತ್ತು ಹಾಕಿದಷ್ಟೂ ಪೋರ್ಟ್ ಸವೆಯುತ್ತೆ.